ರಕ್ತದ ಮಾದರಿಗೆ ಮೂರು ಹೊತ್ತು: ಖಾನಾಪುರದಿಂದ ಬೆಳಗಾವಿಯವರೆಗೆ

ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರ್. ಪ್ರಯಾಣಿಕನಿಗೆ ಇದು ಅಲ್ಪ ದೂರವಾದರೂ, ಬರಿಹೊಟ್ಟೆಯಲ್ಲಿ ತೆಗೆದ ರಕ್ತಕ್ಕೆ ಹಾಗಲ್ಲ. ಸೀಸೆಯೊಳಗೂ ರಕ್ತಕಣಗಳು ಜೀವಂತವಾಗಿರುತ್ತವೆ. ಅವು ಗಂಟೆಗೆ ಶೇ. 5ರಿಂದ 7ರಷ್ಟು ಸಕ್ಕರೆಯನ್ನು ಬಳಸಿಕೊಳ್ಳುತ್ತವೆ.

ಒಂದು ಉದಾಹರಣೆಯನ್ನು ನೋಡಬಹುದು. ಖಾನಾಪುರದ ಸಂಗ್ರಹ ಕೇಂದ್ರವೊಂದರಲ್ಲಿ ಬೆಳಿಗ್ಗೆ 8.10ಕ್ಕೆ ರಕ್ತ ತೆಗೆಯಲಾಯಿತು ಎನ್ನೋಣ. ಉಳಿದವರ ಮಾದರಿಗಳೂ ಸೇರಲೆಂದು ಕಾದು ವಾಹನ ಹೊರಟಿದ್ದು 10.30ಕ್ಕೆ. ಬೆಳಗಾವಿಯ ಪ್ರಯೋಗಾಲಯ ಅದನ್ನು ಸ್ವೀಕರಿಸಿದ್ದು 11.45ಕ್ಕೆ, ವರದಿ ನೀಡಿದ್ದು 1.15ಕ್ಕೆ. ಪ್ರಯೋಗಾಲಯದ ಲೆಕ್ಕದಲ್ಲಿ ಇದು ಒಂದೂವರೆ ಗಂಟೆಯ ಕೆಲಸ. ರೋಗಿಯ ಲೆಕ್ಕದಲ್ಲಿ ಐದು ಗಂಟೆ ಐದು ನಿಮಿಷ. ಸ್ವೀಕೃತಿಯ ಹೊತ್ತನ್ನಷ್ಟೇ ದಾಖಲಿಸಿದರೆ ಅದಕ್ಕೂ ಹಿಂದಿನ ಮೂರೂವರೆ ಗಂಟೆ ಕಾಣುವುದೇ ಇಲ್ಲ.

ಅಪಾಯ ಅಡಗಿರುವುದು ಆ ಕಾಣದ ಹೊತ್ತಿನಲ್ಲಿಯೇ. ರೋಗಿಯ ನಿಜವಾದ ಸಕ್ಕರೆ ಪ್ರಮಾಣ 130 ಮಿಲಿಗ್ರಾಂ ಇದ್ದು, ರಕ್ತವನ್ನು ಸಾದಾ ಸೀಸೆಯಲ್ಲಿ ಹಾಗೆಯೇ ಇಟ್ಟಿದ್ದರೆ, ಬೆಳಗಾವಿ ತಲುಪುವಾಗ ಅದು 105ರ ಆಸುಪಾಸಿಗೆ ಇಳಿದಿರುತ್ತದೆ. ಮಧುಮೇಹದ ಗಡಿ 126. ಯಂತ್ರ ಸರಿಯಾಗಿಯೇ ಅಳೆದರೂ ರೋಗ ತಪ್ಪಿಸಿಕೊಳ್ಳುತ್ತದೆ. ಬೂದು ಮುಚ್ಚಳದ ಫ್ಲೋರೈಡ್ ಸೀಸೆ ಈ ಇಳಿಕೆಯನ್ನು ತಡೆಯುತ್ತದಾದರೂ ಮೊದಲ ಒಂದೆರಡು ಗಂಟೆ ಪೂರ್ತಿ ತಡೆಯಲಾರದು. ಖಾನಾಪುರದಲ್ಲಿಯೇ ಅರ್ಧ ಗಂಟೆಯೊಳಗೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಕಣಗಳನ್ನು ಬೇರ್ಪಡಿಸುವುದೇ ಭದ್ರವಾದ ದಾರಿ.

ಆದರೆ ಎಲ್ಲ ಪರೀಕ್ಷೆಗೂ ಒಂದೇ ಅಳತೆ ಸಲ್ಲದು. ಹಿಮೋಗ್ಲೋಬಿನ್ ಪರೀಕ್ಷೆಯ ನೇರಳೆ ಮುಚ್ಚಳದ ಸೀಸೆಗೆ ಈ ಪ್ರಯಾಣದಿಂದ ಬಾಧೆಯಿಲ್ಲ. ಮೂತ್ರದ ಕಲ್ಚರ್‌ಗೆ ಎರಡು ಮೂರು ದಿನ ಬೇಕಾಗುವುದು ಸೂಕ್ಷ್ಮಾಣುಗಳು ಬೆಳೆಯಬೇಕಾದ್ದರಿಂದ, ಅದು ವಿಳಂಬವಲ್ಲ. ಕ್ಷಯದ ದ್ರವ ಕಲ್ಚರ್‌ನಲ್ಲಿ ‘ರೋಗಾಣು ಇಲ್ಲ’ ಎನ್ನಲು ಆರು ವಾರ ಕಾಯಬೇಕು. ಇವೆಲ್ಲವನ್ನೂ ಕೂಡಿಸಿ ತೆಗೆದ ಸರಾಸರಿ ಯಾವ ಪರೀಕ್ಷೆಯ ಸತ್ಯವನ್ನೂ ಹೇಳದು. ಆದ್ದರಿಂದ ಪ್ರತಿ ಪರೀಕ್ಷೆಗೂ ಪ್ರತ್ಯೇಕ ಅವಧಿ ನಿಗದಿಪಡಿಸಿ, ನೂರರಲ್ಲಿ ತೊಂಬತ್ತು ವರದಿಗಳು ಎಷ್ಟು ಹೊತ್ತಿನೊಳಗೆ ಸಿದ್ಧವಾದವು ಎಂದು ನೋಡುವುದು ಸೂಕ್ತ.

ದಾಖಲೆಯೇ ಸುಳ್ಳಾಡುವುದೂ ಉಂಟು. ಒಂದೇ ವಾಹನದಲ್ಲಿ ಬಂದ ನಲವತ್ತು ಸೀಸೆಗಳ ಸ್ವೀಕೃತಿ ಸಮಯ ಒಂದೇ ಆಗಿದ್ದರೆ ಸಹಜ. ಸಂಗ್ರಹದ ಸಮಯವೂ ಎಲ್ಲಕ್ಕೂ 9.00 ಎಂದಿದ್ದರೆ ಅದು ನಂತರ ಕುಳಿತು ಬರೆದದ್ದು. ಸಂಗ್ರಹಕ್ಕಿಂತ ಮೊದಲೇ ಸ್ವೀಕೃತಿ ನಮೂದಾಗಿದ್ದರೆ ಎರಡು ಊರಿನ ಗಡಿಯಾರಗಳು ಹೊಂದಿಲ್ಲವೆಂದು ಅರ್ಥ. ರಕ್ತ ತೆಗೆದವರೇ, ರೋಗಿಯ ಎದುರಿನಲ್ಲಿಯೇ, ಸೀಸೆಯ ಮೇಲೆ ಹೊತ್ತನ್ನು ಬರೆದರೆ ಮಾತ್ರ ಉಳಿದ ಲೆಕ್ಕಕ್ಕೆ ಆಧಾರ ಸಿಗುತ್ತದೆ. ವರದಿ ಕೈಗೆ ಬಂದಾಗ ರೋಗಿಯೂ ಮೊದಲು ನೋಡಬೇಕಾದುದು ಆ ಹೊತ್ತನ್ನೇ.