ಲಾಭದ ಪಕ್ಕದ ಇನ್ನೆರಡು ಕಾಲಂ

ಷೇರು ವಹಿವಾಟಿನ ಆ್ಯಪ್ ತೆರೆದರೆ ಮೊದಲು ಕಾಣುವುದು ಹಸಿರು ಅಥವಾ ಕೆಂಪು ಬಣ್ಣದ ಲಾಭ-ನಷ್ಟ. ಇನ್ನೆಷ್ಟು ಕಳೆದುಕೊಳ್ಳಬಹುದು ಎಂಬುದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಕೆಲವರು ಗೂಗಲ್ ಶೀಟ್ಸ್‌ನಲ್ಲಿ ತಮ್ಮದೇ ಪಟ್ಟಿ ಇಟ್ಟುಕೊಳ್ಳುತ್ತಾರೆ.

ಒಬ್ಬರು 100 ಇನ್ಫೋಸಿಸ್ ಷೇರುಗಳನ್ನು ತಲಾ 1,500 ರೂಪಾಯಿಗೆ ಕೊಂಡು, 1,440ಕ್ಕೆ ಸ್ಟಾಪ್‌ಲಾಸ್ ಇಟ್ಟಿದ್ದಾರೆ, ಈಗಿನ ಬೆಲೆ 1,560 ಎಂದುಕೊಳ್ಳೋಣ. B ಕಾಲಂನಲ್ಲಿ ಷೇರುಗಳ ಸಂಖ್ಯೆ, Cಯಲ್ಲಿ ಕೊಂಡ ಬೆಲೆ, Dಯಲ್ಲಿ ಸ್ಟಾಪ್, Eಯಲ್ಲಿ ಈಗಿನ ಬೆಲೆ. ಉಳಿದದ್ದು ಸೂತ್ರಗಳ ಕೆಲಸ:

```
E2: =GOOGLEFINANCE("NSE:INFY","price")
F2: =(E2-C2)*B2
G2: =(C2-D2)*B2
H2: =(E2-D2)/E2
```

F ಕಾಲಂ 6,000 ರೂಪಾಯಿ ಲಾಭ ತೋರಿಸುತ್ತದೆ. G ಹೇಳುವುದು ಬಂಡವಾಳದಲ್ಲಿ ಎಷ್ಟು ಅಪಾಯದಲ್ಲಿದೆ ಎಂದು, ಅದೂ 6,000. ಸ್ಟಾಪ್ ಇನ್ನೂ ಶೇ 7.7ರಷ್ಟು ಕೆಳಗಿದೆ ಎನ್ನುತ್ತದೆ H.

ಸ್ಟಾಪನ್ನು 1,530ಕ್ಕೆ ಏರಿಸಿದರೆ G ಮೈನಸ್ 3,000 ಆಗುತ್ತದೆ. ಗಾಬರಿ ಬೇಡ: ಸ್ಟಾಪ್ ಬೆಲೆಗೇ ಮಾರಾಟವಾದರೆ 3,000 ಲಾಭ ಕೈಯಲ್ಲಿರುತ್ತದೆ ಎಂದರ್ಥ. ಮೊದಲೇ ಮಾರಿ, ಆಮೇಲೆ ಕೊಳ್ಳುವ ಶಾರ್ಟ್ ವಹಿವಾಟಿಗೆ ಮಾತ್ರ ಮೂರೂ ಲೆಕ್ಕಗಳ ಚಿಹ್ನೆ ತಿರುಗಿಸಬೇಕು.

ಗೂಗಲ್ ಕೊಡುವ ಬೆಲೆ 20 ನಿಮಿಷದವರೆಗೂ ತಡವಾಗಿರಬಹುದು. ಬೆಲೆ ಸ್ಟಾಪಿನ ಹತ್ತಿರ ಸುಳಿಯುವಾಗ ಬ್ರೋಕರ್ ಪರದೆಯನ್ನೇ ನೋಡಬೇಕು. ಇನ್ನೂ ದೊಡ್ಡ ಮಿತಿ G ಕಾಲಂನಲ್ಲೇ ಇದೆ. ಸ್ಟಾಪ್ 1,440ರಲ್ಲೇ ಇದ್ದು, ರಾತ್ರಿ ಬಂದ ಕೆಟ್ಟ ಸುದ್ದಿಗೆ ಷೇರು ಬೆಳಿಗ್ಗೆ 1,400ಕ್ಕೇ ತೆರೆದು ಅಲ್ಲೇ ಮಾರಾಟವಾದರೆ, ನಷ್ಟ 6,000 ಅಲ್ಲ, 10,000.