ಹಿಂದಲೆ ಬೋಳಾದ ಕಂದ

ಹುಟ್ಟಿದಾಗ ತಲೆತುಂಬ ಕಪ್ಪು ಕೂದಲು. ನೋಡಲು ಬಂದವರೆಲ್ಲ ಮೊದಲು ಮೆಚ್ಚಿಕೊಂಡಿದ್ದೂ ಅದನ್ನೇ. ಮೂರನೇ ತಿಂಗಳಿಗೆ ಬೀಳುತ್ತಿದ್ದಂತೆ ತೊಟ್ಟಿಲಿಗೆ ಹಾಸಿದ ಹಳೇ ಸೀರೆಯ ಮೇಲೆ ರೇಷ್ಮೆ ಎಳೆಗಳಂಥ ಕೂದಲು ಕಾಣಿಸತೊಡಗುತ್ತದೆ. ಮಗುವನ್ನು ಹೆಗಲಿಗೆ ಹಾಕಿಕೊಂಡರೆ ಹಿಂದಲೆಯಲ್ಲಿ ಅಡ್ಡಕ್ಕೊಂದು ಬೋಳು ಪಟ್ಟಿ! ಅಜ್ಜಿ ಎರೆಯುವಾಗ ಜೋರಾಗಿ ತಿಕ್ಕಿದ್ದೇ ಕಾರಣ ಎಂದು ಒಬ್ಬರು, ಹೊಸ ಸೋಪು ಒಗ್ಗಲಿಲ್ಲ ಎಂದು ಇನ್ನೊಬ್ಬರು. ಬಾಣಂತಿ ಕೋಣೆಯಲ್ಲಿ ಆರೋಪಿಗಳಿಗೆ ಬರವಿಲ್ಲ.

ಅಜ್ಜಿಯನ್ನೂ ಸೋಪನ್ನೂ ಬಿಟ್ಟುಬಿಡಬಹುದು. ಈ ಕೂದಲು ಯಾವಾಗ ಉದುರಬೇಕೆಂಬುದು ಮಗು ಹೊಟ್ಟೆಯಲ್ಲಿದ್ದಾಗಲೇ ಹೆಚ್ಚುಕಡಿಮೆ ನಿಗದಿಯಾಗಿರುತ್ತದೆ.

ಗರ್ಭಕ್ಕೆ ಐದು ತಿಂಗಳು ತುಂಬುವ ಹೊತ್ತಿಗೆ ನೆತ್ತಿಯ ಚರ್ಮದಲ್ಲಿ ಸುಮಾರು 1 ಲಕ್ಷ ಕೂದಲ ಬೇರುಗಳು ಸಿದ್ಧವಾಗಿರುತ್ತವೆ. ಹುಟ್ಟಿದ ಮೇಲೆ ಹೊಸ ಬೇರುಗಳು ಮೂಡುವುದಿಲ್ಲ. ಇರುವ ಬೇರುಗಳೇ ಮತ್ತೆ ಮತ್ತೆ ಕೂದಲು ಬೆಳೆಸುತ್ತವೆ. ಒಂದು ಬೇರು ಕೆಲಕಾಲ ದುಡಿಯುತ್ತದೆ, ಆಮೇಲೆ ಎರಡು ಮೂರು ತಿಂಗಳು ವಿಶ್ರಮಿಸುತ್ತದೆ. ಕೊನೆಗೆ ಹಳೆಯ ಕೂದಲು ಕಳಚಿ ಹೊಸದು ಮೇಲೇಳುತ್ತದೆ. ದೊಡ್ಡವರಲ್ಲಿ ಒಂದೊಂದು ಬೇರಿಗೆ ಒಂದೊಂದು ಪಾಳಿ. ಹಾಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರಿದರೂ ಕನ್ನಡಿಗೆ ಗೊತ್ತಾಗುವುದಿಲ್ಲ. ಮಗುವಿನ ಮೊದಲ ಬೆಳೆ ಹಾಗಲ್ಲ. ಅದು ಒಂದೇ ಬಾರಿ ಬಿತ್ತಿದ ಹೊಲದಂತೆ, ಕಟಾವೂ ಸಾಲುಸಾಲಾಗಿಯೇ.

ಈ ಕಟಾವು ಹಣೆಯ ಕಡೆಯಿಂದ ಹಿಂದಕ್ಕೆ ಸಾಗುತ್ತದೆ. ಗರ್ಭದ 26ರಿಂದ 28ನೇ ವಾರದ ಸುಮಾರಿಗೆ ಮುಂದಲೆಯ ಬೇರುಗಳು ವಿಶ್ರಾಂತಿಗೆ ಇಳಿಯುತ್ತವೆ. ಅಲ್ಲಿನ ಕೂದಲು ಹೆರಿಗೆಗೆ ಮುಂಚೆಯೇ ಕಳಚಿ, ಅದರ ಜಾಗದಲ್ಲಿ ಎರಡನೇ ಬೆಳೆ ಶುರುವಾಗಿರುತ್ತದೆ. ಹಿಂದಲೆಯ ಬೇರುಗಳು ಮಾತ್ರ ಹೆರಿಗೆ ಹತ್ತಿರವಾಗುವ ತನಕ ದುಡಿಯುತ್ತಲೇ ಇರುತ್ತವೆ. ಅವು 40ನೇ ವಾರದ ಆಸುಪಾಸಿನಲ್ಲಿ ನಿಂತವು ಎಂದುಕೊಳ್ಳಿ. ಅಲ್ಲಿಂದ 8ರಿಂದ 12 ವಾರ ಎಣಿಸಿದರೆ ಮಗುವಿಗೆ ಎರಡು ಮೂರು ತಿಂಗಳು. ತೊಟ್ಟಿಲಲ್ಲಿ ಕೂದಲು ಕಾಣಿಸುವುದು ಸರಿಯಾಗಿ ಆಗಲೇ.

ಅಂಗಾತ ಮಲಗಿ ತಲೆ ಉಜ್ಜುವುದರಿಂದಲೇ ಹೀಗಾಗುತ್ತದೆ ಎಂದು ವೈದ್ಯರೂ ಬಹುಕಾಲ ನಂಬಿದ್ದರು. ಉಜ್ಜಿದಾಗ ಸಡಿಲವಾದ ಕೂದಲು ಬೇಗ ಕಳಚಬಹುದು, ಅಷ್ಟೇ. ಕೂದಲು ಉಳಿಸಿಕೊಳ್ಳಲೆಂದು ಮಗುವನ್ನು ಬೋರಲು ಮಲಗಿಸುವುದು ಮಾತ್ರ ಅಪಾಯ. ನಿದ್ದೆಯಲ್ಲಿ ಕೂಸು ಹಠಾತ್ತನೆ ಸಾಯುವ ಸಂಭವ ಅಂಗಾತ ಮಲಗಿಸಿದಾಗಲೇ ಕಡಿಮೆ.

ಹೊಸ ಕೂದಲು ಮೊದಲಿಗೆ ಬೂದಿ ಸವರಿದಂತೆ ಮಸುಕಾಗಿ ಕಾಣುತ್ತದೆ. ಮಗುವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರೆ ಬೋಳು ಪಟ್ಟಿಯಲ್ಲಿ ನವಿರಾದ ಚಿಗುರು ಕಂಡೀತು. ಬಣ್ಣ, ಸುರುಳಿ ಹಳೆಯದರಂತೆಯೇ ಇರಬೇಕೆಂದಿಲ್ಲ. ಆರು ತಿಂಗಳಿಂದ ವರ್ಷದೊಳಗೆ ಪಟ್ಟಿ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ಕೂದಲು ದಟ್ಟವಾಗಲು ಕೆಲವರಿಗೆ ಎರಡು ವರ್ಷವೂ ಬೇಕು. ಜವಳ ತೆಗೆಸಿದರೆ ಒತ್ತಾಗಿ ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಹರಕೆಗೆ ತೆಗೆಸುವುದು ಮನೆಯವರ ಇಷ್ಟ, ಆದರೆ ಕ್ಷೌರದ ಕತ್ತಿ ಬೇರನ್ನು ಮುಟ್ಟುವುದಿಲ್ಲ. ಮೊನಚು ತುದಿ ಹೋಗಿ ಮೊಂಡು ತುದಿ ಉಳಿಯುವುದರಿಂದ ಕೈಗೆ ಒರಟಾಗಿ, ದಪ್ಪವೆಂಬಂತೆ ತಾಗುತ್ತದೆ. ಹರಳೆಣ್ಣೆಯೂ ಹೊಸ ಬೇರು ಹುಟ್ಟಿಸಲಾರದು.

ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು ಬೇರೆಯೇ. ಬೋಳಾದ ಕಡೆ ಚರ್ಮ ಕೆಂಪಾಗಿ ಹೊಟ್ಟೇಳುವುದು, ಕೀವು ತುಂಬುವುದು, ಕೂದಲು ಬುಡದಲ್ಲೇ ಮುರಿಯುವುದು. ಹುಟ್ಟಿನಿಂದಲೇ ಒಂದು ಕಡೆ ಕಲೆಯಂತೆ ನುಣುಪಾಗಿ ಹೊಳೆಯುವುದು. ಹುಬ್ಬು, ರೆಪ್ಪೆಗಳಲ್ಲೂ ಕೂದಲಿಲ್ಲದಿರುವುದು. ವರ್ಷ ಕಳೆದರೂ ಚಿಗುರದಿರುವುದು. ಚರ್ಮ ಸಹಜವಾಗಿದ್ದು, ಮಗು ಹಾಲು ಕುಡಿದು ಆಡಿಕೊಂಡಿದ್ದರೆ ಪರೀಕ್ಷೆಯೂ ಬೇಡ, ಔಷಧಿಯೂ ಬೇಡ.

ಇದೇ ಹೊತ್ತಿಗೆ ಅಮ್ಮನ ಬಾಚಣಿಗೆಯಲ್ಲೂ ಕೂದಲು ಉಂಡೆಯಾಗುತ್ತಿರುತ್ತದೆ. ಬಸಿರಿನಲ್ಲಿ ಹಾರ್ಮೋನುಗಳು ತಡೆದು ಹಿಡಿದಿದ್ದ ಕೂದಲು ಹೆರಿಗೆಯಾದ ಎರಡು ಮೂರು ತಿಂಗಳಿಗೆ ಒಟ್ಟಾಗಿ ಉದುರುವುದು. ಅದೂ ತಿರುಗಿ ಬರುತ್ತದೆ. ಆದರೆ ಮಗುವಿನ ಕೂದಲಿಗಿಂತ ಅಮ್ಮನ ಈ ಉದ್ದನೆಯ ಕೂದಲ ಮೇಲೆಯೇ ಕಣ್ಣಿಡಬೇಕು. ಕಾಲುಚೀಲದೊಳಗೆ ಸೇರಿದ ಒಂದೇ ಎಳೆ ಕೂಸಿನ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ರಕ್ತಸಂಚಾರವನ್ನೇ ತಡೆಯಬಲ್ಲದು. ಕೂಸು ಕಾರಣ ತಿಳಿಯದೆ ಒಂದೇ ಸಮನೆ ಅಳುತ್ತಿದ್ದರೆ ಕಾಲುಚೀಲ ಕಳಚಿ ಒಂದೊಂದೇ ಬೆರಳು ಬಿಡಿಸಿ ನೋಡಿ. ಬೆರಳು ಊದಿ ಕೆಂಪಾಗಿದ್ದು, ಎಳೆ ಸುಲಭವಾಗಿ ಬಿಡಿಸಲು ಬಾರದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ.