ಎದುರಿನವರ ವಾದವನ್ನೂ ನೀವೇ ಹೇಳಿ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹತ್ತು ಹನ್ನೆರಡು ವರ್ಷ ದುಡಿದ ಎಂಜಿನಿಯರ್ ಕೆಲಸ ಬದಲಿಸಲು ಹೊರಟರೆ ಸಾಮಾನ್ಯವಾಗಿ ನಾಲ್ಕೈದು ಸುತ್ತಿನ ಸಂದರ್ಶನ ದಾಟಬೇಕು. ಕೋಡ್ ಬರೆಸುವ ಸುತ್ತು, ಡಿಸೈನ್ ಸುತ್ತುಗಳಿಗೆ ತಿಂಗಳುಗಟ್ಟಲೆ ತಯಾರಿ ನಡೆಯುತ್ತದೆ. ಆದರೆ ಸೀನಿಯರ್‌ಗಳು ಎಡವುವುದು ಹೆಚ್ಚಾಗಿ ಕೋಡೂ ಬೋರ್ಡೂ ಇಲ್ಲದ ಇನ್ನೊಂದು ಸುತ್ತಿನಲ್ಲಿ. 'ಆರ್ಕಿಟೆಕ್ಚರ್ ವಿಷಯದಲ್ಲಿ ನಿಮಗೂ ಸಹೋದ್ಯೋಗಿಗೂ ಒಮ್ಮತ ಬಾರದ ಒಂದು ಸಂದರ್ಭ ಹೇಳಿ' ಎನ್ನುತ್ತಾರೆ ಎದುರು ಕೂತವರು.

ಹೆಚ್ಚಿನವರ ಉತ್ತರ ಒಂದೇ ತೆರ: ಎಲ್ಲರೂ ಕೂತು ಚರ್ಚಿಸಿದೆವು, ಸಾಧಕ ಬಾಧಕ ನೋಡಿದೆವು, ಕೊನೆಗೆ ಒಪ್ಪಿದೆವು, ಪ್ರಾಜೆಕ್ಟ್ ಚೆನ್ನಾಗಿ ಮುಗಿಯಿತು. ಇದರಲ್ಲಿ ಸುಳ್ಳೇನೂ ಇಲ್ಲದಿರಬಹುದು, ಆದರೆ ಕೇಳಿದವರ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದಕ್ಕೂ ಏನೂ ಇಲ್ಲ.

ಅವರು ಏನನ್ನು ಹುಡುಕುತ್ತಿರುತ್ತಾರೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ. ಬಸ್ ಟಿಕೆಟ್ ಮಾರುವ ಒಂದು ಆ್ಯಪ್ ಇದೆ. ಪ್ರಯಾಣಿಕ ಹಣ ಕಟ್ಟಿದೊಡನೆ ಟಿಕೆಟ್ ದಾಖಲಾಗಬೇಕು, ಎಸ್ಸೆಮ್ಮೆಸ್ ಹೋಗಬೇಕು, ಇಮೇಲ್ ಹೋಗಬೇಕು, ಬಿಲ್ ತಯಾರಾಗಬೇಕು. ಇವೆಲ್ಲ ಒಂದೇ ಉಸಿರಿನಲ್ಲಿ ನಡೆಯುವ ಹಾಗೆ ಬರೆದಿದ್ದಾರೆ. ಎಸ್ಸೆಮ್ಮೆಸ್ ಕಳಿಸುವ ಸಂಸ್ಥೆಯ ಸರ್ವರ್ ನಿಧಾನವಾದ ದಿನ ಹಣ ಕಟ್ಟಿದವನ ಪರದೆಯಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ. ಅವನು ಗಾಬರಿಯಾಗಿ ಇನ್ನೊಮ್ಮೆ ಹಣ ಕಟ್ಟುತ್ತಾನೆ.

ಪರಿಹಾರದ ದಾರಿ ಎಲ್ಲರಿಗೂ ಗೊತ್ತು. ದರ್ಶಿನಿಯ ಕ್ಯಾಷಿಯರ್ ದೋಸೆ ಬೇಯುವ ತನಕ ನಮ್ಮನ್ನು ನಿಲ್ಲಿಸಿಕೊಳ್ಳುವುದಿಲ್ಲ; ಟೋಕನ್ ಕೊಟ್ಟು ಮುಂದಿನವರನ್ನು ಕರೆಯುತ್ತಾನೆ. ಹಾಗೆಯೇ ಟಿಕೆಟನ್ನು ಮಾತ್ರ ಆಗಲೇ ದಾಖಲಿಸಿ, ಉಳಿದ ಮೂರು ಕೆಲಸಗಳನ್ನು ಒಂದು ಸಾಲಿಗೆ ಸೇರಿಸಬೇಕು. ಜಗಳ ಹುಟ್ಟುವುದು ಆ ಸಾಲನ್ನು ಎಲ್ಲಿ ಇಡಬೇಕು ಎಂಬಲ್ಲಿ. ಎರಡು ವರ್ಷ ಅನುಭವದ ಜೂನಿಯರ್ ಒಬ್ಬ ಕಾಫ್ಕಾ ತರೋಣ ಎನ್ನುತ್ತಾನೆ. ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಎಲ್ಲರಿಗೂ ತೆರೆದ ತಂತ್ರಾಂಶ ಅದು. ಸಂದೇಶಗಳನ್ನು ಭಾರೀ ಪ್ರಮಾಣದಲ್ಲಿ ಸಾಗಿಸುತ್ತದೆ. (ಹೆಸರು ಕಾದಂಬರಿಕಾರ ಕಾಫ್ಕಾನದೇ.) ಸೀನಿಯರ್ ಎಂಜಿನಿಯರ್‌ಗೆ ಅದು ಬೇಡ. ಈಗಾಗಲೇ ಇರುವ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಇನ್ನೊಂದು ಟೇಬಲ್ ಮಾಡಿ, ಬಾಕಿ ಕೆಲಸಗಳನ್ನು ಅಲ್ಲಿ ಸಾಲಾಗಿ ಬರೆದರೆ ಸಾಕು ಎಂಬುದು ಅವರ ವಾದ.

ಈ ಕಥೆಯನ್ನು ಸಂದರ್ಶನದಲ್ಲಿ ಹೇಳಿದರೆ ಮೊದಲು ಬರುವ ಮರುಪ್ರಶ್ನೆ: 'ಕಾಫ್ಕಾ ಬೇಕು ಎಂದವರ ಅತ್ಯಂತ ಬಲವಾದ ಕಾರಣ ಯಾವುದು?' ಇಲ್ಲಿ 'ಅವನಿಗೆ ಹೊಸ ತಂತ್ರಜ್ಞಾನದ ಹುಚ್ಚು' ಎಂದರೆ ಮಾತು ಅಲ್ಲಿಗೇ ಮುಗಿದ ಹಾಗೆ. ಅವನ ವಾದದಲ್ಲಿ ನಿಜವಾದ ಬಲವಿದೆ. ಕಾಫ್ಕಾದಲ್ಲಿ ಹಾಕಿದ ಒಂದೇ ಸಂದೇಶವನ್ನು ಬೇರೆ ಬೇರೆ ತಂಡಗಳು ತಮ್ಮ ತಮ್ಮ ವೇಗದಲ್ಲಿ ಓದಬಹುದು, ನಿನ್ನೆಯದನ್ನು ಮತ್ತೆ ಮೊದಲಿನಿಂದಲೂ ಓದಬಹುದು. ನಾಳೆ ಲೆಕ್ಕಪತ್ರದವರೂ ವಂಚನೆ ಪತ್ತೆ ಮಾಡುವವರೂ ಇದೇ ಮಾಹಿತಿ ಕೇಳಿದರೆ ಡೇಟಾಬೇಸ್ ಟೇಬಲ್ ಪೇಚಾಡುತ್ತದೆ. ಇಷ್ಟನ್ನು ಎದುರು ಪಕ್ಷದ ಪರವಾಗಿ ಸರಿಯಾಗಿ ಹೇಳಬಲ್ಲವರು ಆ ಚರ್ಚೆಯಲ್ಲಿ ನಿಜವಾಗಿ ಕಿವಿಗೊಟ್ಟಿದ್ದರು ಎಂದು ಅರ್ಥವಾಗುತ್ತದೆ. ಈ ಸುತ್ತಿನ ಅರ್ಧ ಪರೀಕ್ಷೆ ಇಲ್ಲೇ ನಡೆದುಹೋಗುತ್ತದೆ ಎಂದು ನನ್ನ ಲೆಕ್ಕ.

ಉಳಿದರ್ಧ, ಬರೀ ಅಭಿಪ್ರಾಯವಾಗಿದ್ದದ್ದನ್ನು ಪರೀಕ್ಷಿಸಬಹುದಾದ ಸಂಗತಿಯಾಗಿ ಯಾರು, ಹೇಗೆ ಮಾಡಿದರು ಎಂಬುದು. ಕಿರಿಯರನ್ನು ಬೆಳೆಸುವ ಪ್ರಶ್ನೆಯೂ ಇದರೊಳಗೇ ಇದೆ. 'ನಾನು ಅವನಿಗೆ ವಿವರಿಸಿದೆ, ಅವನು ಒಪ್ಪಿದ' ಎನ್ನುವುದು ಸಪ್ಪೆ ಉತ್ತರ. ಹುದ್ದೆಯಲ್ಲಿ ದೊಡ್ಡವರು ವಿವರಿಸಿದರೆ ಚಿಕ್ಕವರು ಒಪ್ಪಲೇಬೇಕಲ್ಲ! ಅದರ ಬದಲು ಸೀನಿಯರ್ ಒಂದು ಪ್ರಶ್ನೆ ಕೊಟ್ಟು ಕಳಿಸಿದರು ಎಂದುಕೊಳ್ಳಿ: ಸೆಕೆಂಡಿಗೆ ಎಷ್ಟು ಕೆಲಸ ಸಾಲಿಗೆ ಬರುತ್ತದೆ? ದಿನಕ್ಕೆ 40,000 ಟಿಕೆಟ್, ಒಂದಕ್ಕೆ ಮೂರು ಕೆಲಸ, ಒಟ್ಟು 1,20,000. ದಿನದ 86,400 ಸೆಕೆಂಡುಗಳಿಗೆ ಹಂಚಿದರೆ ಸೆಕೆಂಡಿಗೆ ಒಂದೂವರೆಯೂ ಇಲ್ಲ. ದೀಪಾವಳಿ ಹಿಂದಿನ ದಿನದ ನೂಕುನುಗ್ಗಲಿಗೆ ಇಪ್ಪತ್ತು ಪಟ್ಟು ಎಂದರೂ 28. ಸಾಧಾರಣ ಡೇಟಾಬೇಸಿಗೆ ಇದು ಲೆಕ್ಕಕ್ಕೇ ಇಲ್ಲದ ಹೊರೆ. ಈ ಅಂಕಿ ಜೂನಿಯರ್‌ನ ಕೈಯಿಂದಲೇ ಹುಟ್ಟಿದರೆ ಅವನನ್ನು ಒಪ್ಪಿಸುವ ಕೆಲಸವೇ ಉಳಿಯುವುದಿಲ್ಲ.

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಟಿಕೆಟ್ ಡೇಟಾಬೇಸಿಗೆ ಹೋಯಿತು, ಕಾಫ್ಕಾಗೆ ಸಂದೇಶ ಕಳಿಸುವ ಮುನ್ನ ಸರ್ವರ್ ಬಿತ್ತು. ಆಗೇನು? ಟಿಕೆಟ್ ಇದೆ, ಎಸ್ಸೆಮ್ಮೆಸ್ ಎಂದೂ ಹೋಗುವುದಿಲ್ಲ. ಒಂದೇ ಡೇಟಾಬೇಸ್ ಆದರೆ ಟಿಕೆಟನ್ನೂ ಬಾಕಿ ಕೆಲಸಗಳನ್ನೂ ಒಂದೇ ವಹಿವಾಟಿನಲ್ಲಿ ಬರೆಯಬಹುದು. ಆದರೆ ಎಲ್ಲವೂ ಆಗುತ್ತದೆ, ಇಲ್ಲದಿದ್ದರೆ ಯಾವುದೂ ಆಗುವುದಿಲ್ಲ. ಇನ್ನು ಸಾಲಿನಲ್ಲಿರುವ ಒಂದೇ ಕೆಲಸವನ್ನು ಇಬ್ಬರು ಒಟ್ಟಿಗೆ ಎತ್ತಿಕೊಳ್ಳದಂತೆ ತಡೆಯಲು ಪೋಸ್ಟ್‌ಗ್ರೆಸ್‌ನಲ್ಲಿ `SKIP LOCKED` ಎಂಬ ಸೌಲಭ್ಯ 2016ರಿಂದ ಇದೆ.

ಹಾಗೆಂದು ಸೀನಿಯರ್ ವಾದ ಪೂರ್ತಿ ಗೆದ್ದಿತು ಎಂದು ಕಥೆ ಮುಗಿಸಿದರೆ ಕೇಳುವವರಿಗೆ ಅನುಮಾನ ಬರುತ್ತದೆ. ಜೂನಿಯರ್ ಹೊರೆ ಹಾಕಿ ಪರೀಕ್ಷಿಸುವಾಗ ಒಬ್ಬ ಪ್ರಯಾಣಿಕನಿಗೆ ಎರಡು ಎಸ್ಸೆಮ್ಮೆಸ್ ಹೋಗುವುದು ಕಾಣುತ್ತದೆ ಎನ್ನಿ. ಎಸ್ಸೆಮ್ಮೆಸ್ ಕಳಿಸಿದ ಪ್ರೋಗ್ರಾಂ 'ಮುಗಿಯಿತು' ಎಂದು ಗುರುತು ಹಾಕುವ ಮೊದಲೇ ನಿಂತುಹೋದರೆ ಇನ್ನೊಂದು ಪ್ರೋಗ್ರಾಂ ಅದೇ ಕೆಲಸವನ್ನು ಮತ್ತೆ ಎತ್ತಿಕೊಳ್ಳುತ್ತದೆ. ಕಾಫ್ಕಾ ಇದ್ದರೂ ಇದು ತಪ್ಪುವುದಿಲ್ಲ. ಎರಡು ಎಸ್ಸೆಮ್ಮೆಸ್ ಹೋದರೆ ಹೋಗಲಿ ಎನ್ನಬಹುದು. ನಾಳೆ ಇದೇ ಸಾಲಿನಲ್ಲಿ ರದ್ದಾದ ಟಿಕೆಟ್ಟಿನ ಹಣ ವಾಪಸು ಮಾಡುವ ಕೆಲಸ ಸೇರಿದರೆ ಹಾಗೆನ್ನಲಾಗದು. ಪ್ರತಿ ಕೆಲಸಕ್ಕೂ ತನ್ನದೇ ಒಂದು ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಬ್ಯಾಂಕಿನ ಕಡೆಯವರು ನಿರಾಕರಿಸುವಂತೆ ಮಾಡಬೇಕು. ಸೀನಿಯರ್ ಗಮನಿಸದ ಈ ಬಿರುಕನ್ನು ಕಂಡುಹಿಡಿದದ್ದು ಜೂನಿಯರ್ ಎಂದು ಹೇಳಿಕೊಳ್ಳುವುದರಿಂದ ಅಭ್ಯರ್ಥಿಯ ಬೆಲೆ ಕಡಿಮೆಯಾಗುವುದಿಲ್ಲ.

ನಿರ್ಧಾರವನ್ನು ಬರೆದಿಟ್ಟಿರಾ ಎಂದೂ ಕೇಳುತ್ತಾರೆ. ಮೈಕೆಲ್ ನೈಗಾರ್ಡ್ 2011ರಲ್ಲಿ ಸೂಚಿಸಿದ ಒಂದು ನಮೂನೆ ಈಗ ಬಹಳ ಕಡೆ ಬಳಕೆಯಲ್ಲಿದೆ. ಒಂದೆರಡು ಪುಟದಲ್ಲಿ ಸಂದರ್ಭ ಏನಿತ್ತು, ಏನು ನಿರ್ಧರಿಸಿದೆವು, ಅದರಿಂದ ಆಗುವ ಒಳ್ಳೆಯದೇನು ಕೆಟ್ಟದ್ದೇನು ಎಂದು ಬರೆದು ಕೋಡಿನ ಜೊತೆಗೇ ಇಡುವುದು. ನಮ್ಮ ಉದಾಹರಣೆಯಲ್ಲಿ ಅಲ್ಲಿರಬೇಕಾದ ಮುಖ್ಯ ಸಾಲು: ಇದೇ ಮಾಹಿತಿಯನ್ನು ಇನ್ನೆರಡು ತಂಡಗಳು ಕೇಳಿದ ದಿನ ಕಾಫ್ಕಾ ವಿಷಯ ಮತ್ತೆ ತೆಗೆಯುವುದು. ಹಾಗೆ ಬರೆದರೆ ಸೋತ ವಾದವೂ ಕಸದ ಬುಟ್ಟಿಗೆ ಹೋಗುವುದಿಲ್ಲ.

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೀವೇ ಸೋತ ಸಂದರ್ಭ ಹೇಳಿ ಎನ್ನುತ್ತಾರೆ. ಅಮೆಜಾನ್‌ನ ಜೆಫ್ ಬೆಜೋಸ್ 2016ರ ಸಾಲಿನ ತಮ್ಮ ಷೇರುದಾರರ ಪತ್ರದಲ್ಲಿ ಇಂಥದ್ದನ್ನು ಬರೆದಿದ್ದಾರೆ. ಅಮೆಜಾನ್ ಸ್ಟುಡಿಯೋಸ್‌ನ ಒಂದು ಕಾರ್ಯಕ್ರಮದ ಬಗ್ಗೆ ಅವರಿಗೆ ಅನುಮಾನವಿತ್ತು, ತಂಡಕ್ಕೆ ಅದು ಬೇಕೇ ಬೇಕಿತ್ತು. ತನಗೆ ಒಪ್ಪಿಗೆಯಿಲ್ಲ, ಆದರೂ ಪೂರ್ತಿ ಬೆಂಬಲವಿದೆ ಎಂದು ಅವರು ಕೂಡಲೇ ಉತ್ತರ ಬರೆದರು. ಮಾಲೀಕರಿಗೆ ಹೀಗೆ ಹೇಳುವುದು ಸುಲಭ, ನೌಕರರಿಗೆ ಅಷ್ಟಲ್ಲ. ಅದಕ್ಕೇ ಸಂದರ್ಶಕರು 'ಒಪ್ಪಿಕೊಂಡೆ' ಎಂಬ ಮಾತಿಗೆ ತೃಪ್ತರಾಗದೆ, ಆಮೇಲೆ ಆ ಯೋಜನೆ ಗೆಲ್ಲಲು ನೀವೇನು ಮಾಡಿದಿರಿ ಎಂದು ಕೆದಕುತ್ತಾರೆ.

ಈ ಸುತ್ತಿಗೊಂದು ದೊಡ್ಡ ದೌರ್ಬಲ್ಯವಿದೆ: ಕಥೆ ಕಟ್ಟಬಲ್ಲವರಿಗೆ ಇದು ಒಲಿಯುತ್ತದೆ. ಹೇಳಿದ್ದು ನಡೆದದ್ದೇ ಎಂದು ತಾಳೆ ನೋಡಲು ದಾರಿಯಿಲ್ಲ. ಅದಕ್ಕೆ ಇರುವ ಮದ್ದು ವಿವರ ಕೇಳುವುದೊಂದೇ; ಬಾಯಿಪಾಠದ ಕಥೆ ಮೂರನೆಯ 'ಯಾಕೆ'ಗೆ ತಡವರಿಸುತ್ತದೆ. ಇನ್ನೊಂದು ಕಡೆ, ನಿಜವಾಗಿ ಹೊರೆ ಹೊತ್ತವರು ಸಂಕೋಚದಿಂದ ಎಲ್ಲವನ್ನೂ ತಂಡದ ಲೆಕ್ಕಕ್ಕೆ ಹಾಕಿ, ತಮ್ಮ ಪಾಲು ಹೇಳದೆ ಎದ್ದುಬರುತ್ತಾರೆ. ಅವರನ್ನು ಮಾತಾಡಿಸುವ ಹೊಣೆ ಸಂದರ್ಶಕರದ್ದು, ಎಲ್ಲರೂ ಅದನ್ನು ಹೊರುವುದಿಲ್ಲ.

ಕೊನೆಯ ಐದು ನಿಮಿಷ ಅಭ್ಯರ್ಥಿಯದು. ಆಗ ಸಂಬಳ, ರಜೆ ಕೇಳುವ ಬದಲು ಅದೇ ಪ್ರಶ್ನೆಯನ್ನು ಆಚೆಗೆ ತಿರುಗಿಸುವವರಿದ್ದಾರೆ: ನಿಮ್ಮಲ್ಲಿ ಆರ್ಕಿಟೆಕ್ಚರ್ ಬಗ್ಗೆ ಇತ್ತೀಚೆಗೆ ಆದ ವಾದ ಯಾವುದು, ಅದನ್ನು ಯಾರು ಮುಗಿಸಿದರು, ಎಲ್ಲಿ ಬರೆದಿಟ್ಟಿದ್ದೀರಿ? ಬೇರೆ ಬೇರೆ ಸುತ್ತಿನಲ್ಲಿ ಇಬ್ಬರನ್ನು ಕೇಳಿ, ಎರಡೂ ಉತ್ತರ ಕೂಡಿ ಬರುತ್ತವೆಯೇ ನೋಡಿಕೊಂಡು ಆಫರ್ ಬಗ್ಗೆ ಯೋಚಿಸುತ್ತಾರೆ.